ಸ್ಟ್ರೆಂತ್ ಇತ್ತು, ಕ್ವಾಲಿಟಿ ಸೊನ್ನೆ

ಗಾಳಿಮಳೆಯ ಮರುದಿನ ಟಿವಿ ಕೈಕೊಟ್ಟಿತು. ಸೆಟ್‌ಟಾಪ್ ಬಾಕ್ಸ್‌ನ ಸಿಗ್ನಲ್ ಪುಟದಲ್ಲಿ ಸ್ಟ್ರೆಂತ್ 80, ಕ್ವಾಲಿಟಿ ಸೊನ್ನೆ. ಸ್ಟ್ರೆಂತ್ ಇದ್ದರೆ ಕೇಬಲ್ ಮತ್ತು ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಬಹುಮಟ್ಟಿಗೆ ಸರಿ ಎಂದಷ್ಟೇ ಅರ್ಥ. ಡಿಶ್ ಖಾಲಿ ಆಕಾಶ ನೋಡುತ್ತಿದ್ದರೂ ಅದು ಏರಿಯೇ ಇರಬಹುದು. ನಮ್ಮ ಉಪಗ್ರಹ ಸಿಕ್ಕಿತೇ ಎಂದು ಹೇಳುವುದು ಕ್ವಾಲಿಟಿ. ಇದು ತಿಳಿಯದೆ ಅರ್ಧ ಗಂಟೆ ಸ್ಟ್ರೆಂತ್‌ನ ಬೆನ್ನು ಹತ್ತಿದ್ದೆ.

ಕಂಬದ ಮೇಲಿನ ತುಕ್ಕಿನ ಗುರುತು ನೋಡಿದರೆ ಡಿಶ್ಶನ್ನು ಹಿಡಿದಿರುವ ಕ್ಲ್ಯಾಂಪ್ ಪೂರ್ವಕ್ಕೆ ತಿರುಗಿತ್ತು. ಹಾಗಾಗಿ ಡಿಶ್ಶನ್ನು ಮೇಲೆ ಕೆಳಗೆ ಬಾಗಿಸುವ ಬೋಲ್ಟ್ ಮುಟ್ಟಲಿಲ್ಲ. ಕ್ಲ್ಯಾಂಪಿನ ಬೋಲ್ಟ್‌ಗಳನ್ನಷ್ಟೇ ಸಡಿಲಿಸಿ, ಡಿಶ್ಶನ್ನು ಕೂದಲೆಳೆಯಷ್ಟು ಪಶ್ಚಿಮಕ್ಕೆ ಸರಿಸಿ, ಪ್ರತಿ ಸಲ ಐದು ಸೆಕೆಂಡ್ ಕಾದೆ. ಪರದೆಯ ಮೇಲಿನ ಕ್ವಾಲಿಟಿ ಪಟ್ಟಿ ಬದಲಾಗುವುದು ತಡವಾಗಿ. ಮಗಳು ಕೆಳಗಿನಿಂದ ಫೋನಿನಲ್ಲಿ ಅಂಕಿ ಓದುತ್ತಿದ್ದಳು: ಸೊನ್ನೆ, ಸೊನ್ನೆ, 35, 72, 60. ಹಿಂದಕ್ಕೆ ತಂದು 72ರಲ್ಲಿ ನಿಲ್ಲಿಸಿದೆ. ಬಿಗಿಸುವಾಗ 65ಕ್ಕೆ ಜಾರಿತು. ಮತ್ತೆ ಸಡಿಲಿಸಿ, ಎರಡೂ ಬದಿಯ ಬೋಲ್ಟ್‌ಗಳನ್ನು ಸರದಿಯಂತೆ ಬಿಗಿಸಿದಾಗ 72ರಲ್ಲೇ ಉಳಿಯಿತು.