ಇಟಲಿಯ ಅಂಕಪಟ್ಟಿ ಇಂಗ್ಲಿಷಿಗೆ: ಪದ ಬದಲಿಸಿ, ಅಂಕ ಬದಲಿಸಬೇಡಿ

ಇಟಲಿಯಲ್ಲಿ ಪದವಿ ಮುಗಿಸಿ ಅಮೆರಿಕಕ್ಕೋ ಬ್ರಿಟನ್ನಿಗೋ ಅರ್ಜಿ ಹಾಕುವವರ ಅಂಕಪಟ್ಟಿಗಳಲ್ಲಿ ಒಂದೇ ತಪ್ಪನ್ನು ಮತ್ತೆ ಮತ್ತೆ ನೋಡಿದ್ದೇನೆ. ಮೂಲದಲ್ಲಿ 30ಕ್ಕೆ 26 ಎಂದಿರುವ ಕಡೆ ಅನುವಾದದಲ್ಲಿ ‘ಬಿ ಪ್ಲಸ್’ ಎಂದಿರುತ್ತದೆ. ಒಳ್ಳೆಯದಾಗಲಿ ಎಂದೇ ಹಾಗೆ ಬರೆದಿರುತ್ತಾರೆ. ಆದರೆ ಪ್ರವೇಶ ವಿಭಾಗದವರು ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಮೂಲದಲ್ಲಿಲ್ಲದ ಅಕ್ಷರ ಕಣ್ಣಿಗೆ ಬೀಳುತ್ತದೆ, ಇಡೀ ಅನುವಾದದ ಮೇಲಿನ ನಂಬಿಕೆ ಹೋಗುತ್ತದೆ. ಅಂಕ ಪರಿವರ್ತನೆ ಅವರ ಕೆಲಸ, ಇಲ್ಲವೇ ಅವರು ಸೂಚಿಸುವ ಮೌಲ್ಯಮಾಪನ ಸಂಸ್ಥೆಯ ಕೆಲಸ. ಇರುವುದನ್ನು ಇದ್ದಂತೆ ಇಂಗ್ಲಿಷಿಗೆ ತಂದು, ಅದನ್ನು ಓದುವ ಬಗೆ ತಿಳಿಸಿದರೆ ನಮ್ಮ ಕೆಲಸ ಮುಗಿಯಿತು.

ಮೊದಲು: ಅನುವಾದ ಬೇಕೇ ಎಂದು ನೋಡಿ

ಪದವಿ ಮುಗಿದಿದ್ದರೆ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕಚೇರಿಯಲ್ಲಿ, ಅಂದರೆ ‘ಸೆಗ್ರೆತೆರಿಯಾ’ದಲ್ಲಿ, ‘ಡಿಪ್ಲೊಮಾ ಸಪ್ಲಿಮೆಂಟ್’ ಕೇಳಿ. ಇಟಾಲಿಯನ್, ಇಂಗ್ಲಿಷ್ ಎರಡರಲ್ಲೂ ಇರುವ ಈ ದಾಖಲೆಯನ್ನು ವಿಶ್ವವಿದ್ಯಾಲಯವೇ ಉಚಿತವಾಗಿ ಕೊಡುತ್ತದೆ. ಅದರಲ್ಲಿ ವಿಷಯಗಳ ಪಟ್ಟಿ, ಅಂಕ, ಅಂಕಮಾನದ ವಿವರಣೆ, ಇಟಲಿಯ ಉನ್ನತ ಶಿಕ್ಷಣದ ಪರಿಚಯ ಎಲ್ಲವೂ ಇರುತ್ತದೆ. ಎಷ್ಟೋ ಸಲ ಇದೊಂದರಿಂದಲೇ ಕೆಲಸ ಮುಗಿಯುತ್ತದೆ. ಕರ್ನಾಟಕದಿಂದ ಇಟಲಿಗೆ ಹೋಗಿ ಇಂಗ್ಲಿಷ್ ಮಾಧ್ಯಮದಲ್ಲೇ ಮಾಸ್ಟರ್ಸ್ ಮಾಡಿದವರಿಗೂ ಪ್ರಮಾಣಪತ್ರ ಇಟಾಲಿಯನ್‌ನಲ್ಲಿ ಬಂದಿರಬಹುದು. ಅಂಥವರು ಅನುವಾದಕ್ಕೆ ಹಣ ಕೊಡುವ ಮೊದಲು ಇದನ್ನು ಕೇಳಲೇಬೇಕು.

ಎರಡನೆಯದು: ಸರಿಯಾದ ಕಾಗದ

ವಿದ್ಯಾರ್ಥಿ ಪೋರ್ಟಲ್‌ನಿಂದ ತಕ್ಷಣ ಸಿಗುವುದು ಹೆಚ್ಚಾಗಿ ‘ಔಟೊಚೆರ್ತಿಫಿಕಾಜಿಯೊನೆ’. ಅದು ನೀವೇ ಸಹಿ ಮಾಡುವ ಸ್ವಯಂಘೋಷಣೆ. ಇಟಲಿಯ ಸರ್ಕಾರಿ ಕಚೇರಿಗಳಲ್ಲಿ ಅದು ನಡೆಯುತ್ತದೆ, ಹೊರದೇಶದ ಪ್ರವೇಶ ವಿಭಾಗ ಒಪ್ಪುವುದಿಲ್ಲ. ಬೇಕಾದದ್ದು ವಿಶ್ವವಿದ್ಯಾಲಯ ಸಹಿ ಹಾಕಿ ಕೊಡುವ, ಪರೀಕ್ಷೆಗಳ ಪಟ್ಟಿ ಸಮೇತ ಇರುವ ಪ್ರಮಾಣಪತ್ರ.

ಆ ಪ್ರಮಾಣಪತ್ರದ ಮೇಲೆ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಇದನ್ನು ಸಾರ್ವಜನಿಕ ಆಡಳಿತದ ಕಚೇರಿಗಳಿಗಾಗಲಿ ಸಾರ್ವಜನಿಕ ಸೇವೆ ನಡೆಸುವ ಖಾಸಗಿಯವರಿಗಾಗಲಿ ಸಲ್ಲಿಸುವಂತಿಲ್ಲ. ಇದನ್ನು ಓದಿ ಗಾಬರಿಯಾಗಿ ಅನುವಾದದಲ್ಲಿ ಬಿಟ್ಟುಬಿಡುವವರಿದ್ದಾರೆ. ಬಿಡಬೇಡಿ. 2012ರಿಂದ ಇಟಲಿಯ ಕಚೇರಿಗಳು ನಾಗರಿಕರಿಂದ ಪ್ರಮಾಣಪತ್ರ ಕೇಳದೆ ಸ್ವಯಂಘೋಷಣೆಯನ್ನೇ ಪಡೆಯಬೇಕು ಎಂಬ ನಿಯಮವಿರುವುದರಿಂದ ಈ ಸಾಲು ಬರುತ್ತದೆ. ಹೊರದೇಶದಲ್ಲಿ ಬಳಸಲು ಅದು ಅಡ್ಡಿಯಲ್ಲ. ಸಾಲನ್ನು ಪೂರ್ತಿ ಅನುವಾದಿಸಿ, ಇದು ಇಟಲಿಯೊಳಗಿನ ಕಚೇರಿಗಳಿಗೆ ಮಾತ್ರ ಅನ್ವಯ ಎಂದು ಅನುವಾದಕರ ಟಿಪ್ಪಣಿ ಸೇರಿಸಿ.

ಮೂರನೆಯದು: ಮೋಸ ಮಾಡುವ ಪದಗಳು

ಇಟಾಲಿಯನ್‌ನ ಎಷ್ಟೋ ಪದಗಳು ಇಂಗ್ಲಿಷಿನಂತೆಯೇ ಕಾಣುತ್ತವೆ, ತೊಂದರೆ ಶುರುವಾಗುವುದೇ ಅಲ್ಲಿ. ‘ವೋತೊ’ ಎಂದರೆ ವೋಟ್ ಅಲ್ಲ, ಗ್ರೇಡ್. ‘ಕೊರ್ಸೊ ದಿ ಲೌರೆಯಾ’ ಎಂದರೆ ಒಂದು ವಿಷಯದ ಕೋರ್ಸ್ ಅಲ್ಲ, ಇಡೀ ಪದವಿ ಕಾರ್ಯಕ್ರಮ. ‘ಫುವೊರಿ ಕೊರ್ಸೊ’ ಎಂದರೆ ಕೋರ್ಸಿನಿಂದ ಹೊರಹಾಕಿದ್ದಾರೆ ಎಂದಲ್ಲ, ನಿಗದಿತ ವರ್ಷಗಳಾದ ಮೇಲೂ ಓದು ಮುಂದುವರಿದಿದೆ ಎಂದಷ್ಟೆ. ಎಲ್ಲಕ್ಕಿಂತ ಅಪಾಯದ್ದು ‘ದೊತ್ತೊರೆ’. ಇಟಲಿಯಲ್ಲಿ ಮೂರು ವರ್ಷದ ಪದವಿ ಪಡೆದವರಿಗೂ ಈ ಬಿರುದು ಸಿಗುತ್ತದೆ. ಅದನ್ನು ‘ಡಾಕ್ಟರ್’ ಎಂದು ಅನುವಾದಿಸಿದರೆ ಇಲ್ಲದ ಪಿಎಚ್.ಡಿ.ಯನ್ನು ಇದೆ ಎಂದು ಹೇಳಿದಂತಾಗುತ್ತದೆ. ಬಿರುದನ್ನೂ ಪದವಿಯ ಹೆಸರನ್ನೂ ಇಟಾಲಿಯನ್‌ನಲ್ಲೇ ಉಳಿಸಿ, ಅದು ಎಷ್ಟನೇ ಹಂತದ ಪದವಿ ಎಂದು ಪಕ್ಕದಲ್ಲಿ ಬರೆಯಿರಿ.

ವಿಷಯಗಳ ಹೆಸರಿಗೆ ನಿಘಂಟು ಸಾಲದು. ಸಿವಿಲ್ ಎಂಜಿನಿಯರಿಂಗ್ ಪಟ್ಟಿಯಲ್ಲಿ ಬರುವ ‘ಶೆಂಜಾ ದೆಲ್ಲೆ ಕೊಸ್ತ್ರುಜಿಯೋನಿ’ಯನ್ನು ಪದಕ್ಕೆ ಪದ ಇಟ್ಟರೆ ‘ಕಟ್ಟಡಗಳ ವಿಜ್ಞಾನ’ ಎಂದಾಗುತ್ತದೆ. ಅಲ್ಲಿ ಕಲಿಸುವುದು ಸ್ಟ್ರಕ್ಚರಲ್ ಮೆಕ್ಯಾನಿಕ್ಸ್. ಆ ಹೆಸರು ಕಾಣದಿದ್ದರೆ, ಅದನ್ನು ಓದಿರಲೇಬೇಕು ಎಂಬ ಷರತ್ತಿರುವ ಕಡೆ ಅರ್ಜಿ ತಿರಸ್ಕೃತವಾಗಬಹುದು. ವಿಶ್ವವಿದ್ಯಾಲಯದ ಇಂಗ್ಲಿಷ್ ಜಾಲತಾಣದಲ್ಲಿ ಅದೇ ವಿಷಯಕ್ಕೆ ಏನು ಹೆಸರಿಟ್ಟಿದ್ದಾರೆ ಎಂದು ಮೊದಲು ಹುಡುಕಿ, ಸಿಕ್ಕಿದರೆ ಅದನ್ನೇ ಬಳಸಿ.

ದಿನಾಂಕ ಸಣ್ಣದೆನಿಸಿದರೂ ಕಾಡುತ್ತದೆ. ಇಟಲಿಯಲ್ಲಿ 05/07/2022 ಎಂದರೆ ಜುಲೈ 5, ಅಮೆರಿಕದವರು ಅದನ್ನು ಮೇ 7 ಎಂದು ಓದುತ್ತಾರೆ. ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. ಸರಾಸರಿಯಲ್ಲಿ 27,8 ಎಂದು ಅಲ್ಪವಿರಾಮವಿದ್ದರೆ ಇಂಗ್ಲಿಷಿನಲ್ಲಿ 27.8 ಎಂದು ಚುಕ್ಕಿ ಬರಬೇಕು.

ನಾಲ್ಕನೆಯದು: ಅಂಕ ಓದುವ ಬಗೆ

ಇಟಲಿಯಲ್ಲಿ ಎರಡು ಅಳತೆಗೋಲುಗಳಿವೆ. ಒಂದೊಂದು ಪರೀಕ್ಷೆಗೂ 30ಕ್ಕೆ ಅಂಕ, ಪಾಸಾಗಲು 18 ಬೇಕು, ಅತ್ಯುತ್ತಮರಿಗೆ ‘30 ಎ ಲೋದೆ’, ಅಂದರೆ ಪ್ರಶಂಸೆ ಸಹಿತ 30. ಇಡೀ ಪದವಿಗೆ 110ಕ್ಕೆ ಅಂಕ, ಕನಿಷ್ಠ 66, ಅಲ್ಲೂ ಪ್ರಶಂಸೆ ಉಂಟು. ಜೊತೆಗೆ ಪ್ರತಿ ವಿಷಯಕ್ಕೂ ‘ಸಿ.ಎಫ್.ಯು.’ ಎಂಬ ಕ್ರೆಡಿಟ್ ಇದೆ. ಒಂದು ಕ್ರೆಡಿಟ್ ಎಂದರೆ ತರಗತಿ, ಸ್ವಂತ ಓದು ಎಲ್ಲಾ ಸೇರಿ 25 ಗಂಟೆಗಳ ಕೆಲಸ. ವರ್ಷಕ್ಕೆ 60, ಮೂರು ವರ್ಷದ ಪದವಿಗೆ 180.

ಒಂದು ಉದಾಹರಣೆ ಲೆಕ್ಕ ಹಾಕೋಣ. ಸ್ಟ್ರಕ್ಚರಲ್ ಮೆಕ್ಯಾನಿಕ್ಸ್ 12 ಕ್ರೆಡಿಟ್, 26 ಅಂಕ. ಹೈಡ್ರಾಲಿಕ್ಸ್ 9 ಕ್ರೆಡಿಟ್, 28. ಸ್ಟ್ರಕ್ಚರಲ್ ಡಿಸೈನ್ 9 ಕ್ರೆಡಿಟ್, ಪ್ರಶಂಸೆ ಸಹಿತ 30. ಇಂಗ್ಲಿಷ್ ಭಾಷೆ 3 ಕ್ರೆಡಿಟ್, ಅಂಕದ ಜಾಗದಲ್ಲಿ ‘ಇದೋನೆಯೊ’, ಅಂದರೆ ಪಾಸ್ ಎಂದಷ್ಟೇ. ಕ್ರೆಡಿಟ್ ತೂಕದ ಸರಾಸರಿ ಹೀಗೆ ಬರುತ್ತದೆ:

```
(12×26 + 9×28 + 9×30) ÷ 30 = 27.8
```

ಇಂಗ್ಲಿಷಿನ 3 ಕ್ರೆಡಿಟ್‌ಗೆ ಅಂಕವಿಲ್ಲ, ಹಾಗಾಗಿ ಅದು ಭಾಗಿಸುವ ಸಂಖ್ಯೆಯಲ್ಲೂ ಬರಬಾರದು. ಮರೆತು 33ರಿಂದ ಭಾಗಿಸಿದರೆ 25.3ಕ್ಕೆ ಇಳಿಯುತ್ತದೆ. ಒಳ್ಳೆಯ ವಿದ್ಯಾರ್ಥಿ ಸಾಧಾರಣ ವಿದ್ಯಾರ್ಥಿಯಾಗಿ ಕಾಣುವುದು ಇಷ್ಟರಿಂದಲೇ. ಅಂಕಪಟ್ಟಿಯಲ್ಲಿ ಸರಾಸರಿ ಮುದ್ರಿತವಾಗಿದ್ದರೆ ಅದನ್ನೇ ಅನುವಾದಿಸಿ. ಇಲ್ಲದಿದ್ದರೆ ಅನುವಾದದೊಳಗೆ ಸೇರಿಸದೆ, ಅರ್ಜಿಯಲ್ಲಿ ಕೇಳಿರುವ ಕಡೆ ಬರೆದು, ಹೇಗೆ ಲೆಕ್ಕ ಹಾಕಿದಿರೆಂದು ತಿಳಿಸಿ.

27.8ನ್ನು 110ಕ್ಕೆ ಏರಿಸಿದರೆ ಸುಮಾರು 101.9 ಆಗುತ್ತದೆ. ಪದವಿಯ ಅಂಕ 106 ಎಂದಿದ್ದರೆ ಎಲ್ಲೋ ತಪ್ಪಾಗಿದೆ ಎಂದುಕೊಳ್ಳಬೇಡಿ. ಅಂತಿಮ ಪರೀಕ್ಷೆ ಅಥವಾ ಪ್ರಬಂಧಕ್ಕೆ ಸಮಿತಿ ಕೊಡುವ ಹೆಚ್ಚುವರಿ ಅಂಕಗಳು ಅದರಲ್ಲಿ ಸೇರಿರುತ್ತವೆ.

ಟಿಪ್ಪಣಿಯಲ್ಲಿ ಇನ್ನೊಂದು ವಿಷಯ ಹೇಳುವುದು ಒಳ್ಳೆಯದು. ಇಟಲಿಯ ಅಂಕಪಟ್ಟಿಯಲ್ಲಿ ಸಾಮಾನ್ಯವಾಗಿ ಪಾಸಾದ ಪರೀಕ್ಷೆಗಳಷ್ಟೇ ಇರುತ್ತವೆ. ಫೇಲಾದ ಸಾಲುಗಳೆಲ್ಲಿ ಎಂದು ಬೇರೆ ದೇಶದವರಿಗೆ ಅನುಮಾನ ಬರಬಹುದು.

ಐದನೆಯದು: 26 ಎಂದರೆ ಎಷ್ಟು ಒಳ್ಳೆಯದು?

ಇದಕ್ಕೆ ಉತ್ತರ ಅಂಕದಲ್ಲಿಲ್ಲ, ಸಹಪಾಠಿಗಳಲ್ಲಿದೆ. ಇಟಲಿಯಲ್ಲಿ ಸಾಹಿತ್ಯ, ಇತಿಹಾಸದಂಥ ವಿಭಾಗಗಳಲ್ಲಿ ಅಂಕ ಧಾರಾಳ, ಎಂಜಿನಿಯರಿಂಗ್‌ನಲ್ಲಿ ಬಿಗಿ. ಒಂದು ಕಡೆ 26 ಸಾಧಾರಣವಾದರೆ ಇನ್ನೊಂದು ಕಡೆ ಸರಾಸರಿಗಿಂತ ಮೇಲಿನದ್ದಾಗಿರಬಹುದು. ಡಿಪ್ಲೊಮಾ ಸಪ್ಲಿಮೆಂಟ್‌ನ 4.4ನೇ ವಿಭಾಗದಲ್ಲಿ ಅಂಕಮಾನದ ಜೊತೆಗೆ, ಲಭ್ಯವಿದ್ದರೆ, ಯಾವ ಅಂಕ ಶೇಕಡಾ ಎಷ್ಟು ಮಂದಿಗೆ ಬಂದಿದೆ ಎಂಬ ಹಂಚಿಕೆ ಕೋಷ್ಟಕವೂ ಇರುತ್ತದೆ. ಅಲ್ಲಿ ಇಲ್ಲದಿದ್ದರೆ ವಿಭಾಗದಿಂದ ಕೇಳಿ ಪಡೆದು ಅರ್ಜಿಗೆ ಲಗತ್ತಿಸಿ. ನನ್ನ ಅನುಭವದಲ್ಲಿ ಯಾವ ‘ಬಿ ಪ್ಲಸ್’ಗಿಂತಲೂ ಈ ಒಂದು ಪುಟ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕೊನೆಗೆ: ಪ್ರಮಾಣ ಮತ್ತು ಮೊಹರು

ಪ್ರವೇಶ ವಿಭಾಗ ಯಾವ ಬಗೆಯ ಅನುವಾದ ಕೇಳುತ್ತಿದೆ ಎಂದು ಮೊದಲು ಓದಿಕೊಳ್ಳಿ. ಕೆಲವರಿಗೆ ಅನುವಾದಕರ ಸಹಿ ಇರುವ ದೃಢೀಕರಣ ಸಾಕು. ಪ್ರಮಾಣ ಮಾಡಿ ಕೊಟ್ಟ ಅನುವಾದವೇ ಬೇಕೆಂದರೆ ಇಟಲಿಯಲ್ಲಿ ಅನುವಾದಕರು ನ್ಯಾಯಾಲಯದ ಕಚೇರಿಗೆ ಹೋಗಿ ಪ್ರಮಾಣ ಮಾಡುತ್ತಾರೆ. ದಾಖಲೆಯ ಸಹಿ ಅಸಲಿ ಎಂದು ಹೊರದೇಶಕ್ಕೆ ಖಚಿತಪಡಿಸುವ ಅಪೊಸ್ಟಿಲ್ ಕೂಡ ಬೇಕಾದರೆ ಎರಡು ಕಡೆ ಓಡಾಟ: ವಿಶ್ವವಿದ್ಯಾಲಯದ ಸಹಿಗೆ ಸರ್ಕಾರದ ಪ್ರಾಂತೀಯ ಕಚೇರಿಯಾದ ‘ಪ್ರೆಫೆತ್ತೂರಾ’, ನ್ಯಾಯಾಲಯದಲ್ಲಿ ಪ್ರಮಾಣ ಮಾಡಿದ ಅನುವಾದಕ್ಕೆ ಸರ್ಕಾರಿ ಅಭಿಯೋಜಕರ ಕಚೇರಿಯಾದ ‘ಪ್ರೊಕೂರಾ’. ಮೂಲ, ಅನುವಾದ, ಪ್ರಮಾಣದ ಹಾಳೆ ಮೂರನ್ನೂ ಒಟ್ಟಿಗೆ ಪಿನ್ ಮಾಡಿ, ಹಾಳೆಗಳು ಕೂಡುವ ಜಾಗದಲ್ಲಿ ಮೊಹರು ಒತ್ತುತ್ತಾರೆ. ಸ್ಕ್ಯಾನ್ ಮಾಡುವಾಗ ಆ ಪಿನ್ ಬಿಚ್ಚಬೇಡಿ, ಹಾಳೆ ಮಡಿಸಿಯೇ ಸ್ಕ್ಯಾನ್ ಮಾಡಿ.