ಭಂಗಾರ್‌ಗೆ ಹೋಗುವ ಮುನ್ನ ಸತ್ತ ಫೋನಿನ ಪರೀಕ್ಷೆ

ಡೊಂಬಿವಲಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ನಡೆಸುವ ನನ್ನ ಬಳಿಗೆ ಮಳೆಗಾಲದಲ್ಲಿ ನೀರು ಹೊಕ್ಕ ಫೋನುಗಳು ಸಾಲಾಗಿ ಬರುತ್ತವೆ. ಹೆಚ್ಚಿನವರು ಅದನ್ನು ಮೊದಲು ಅಕ್ಕಿ ಡಬ್ಬದಲ್ಲಿ ಹೂತಿಟ್ಟು, ಆಮೇಲೂ ಆನ್ ಆಗದಿದ್ದಾಗ ತರುತ್ತಾರೆ. ಈ ಕಾಯುವಿಕೆಯೇ ಹಾನಿಕರ. ನೀರು ಆರಿದರೂ ಅದರಲ್ಲಿದ್ದ ಲವಣ ಬೋರ್ಡಿನ ಮೇಲೆ ಉಳಿಯುತ್ತದೆ, ಬ್ಯಾಟರಿ ಜೋಡಣೆಯಲ್ಲೇ ಇರುವುದರಿಂದ ತೇವ ಇರುವಷ್ಟು ಕಾಲ ತಾಮ್ರದ ಗೆರೆಗಳು ಸವೆಯುತ್ತಲೇ ಹೋಗುತ್ತವೆ.

ಕಳೆದ ಮಳೆಗಾಲದಲ್ಲಿ ನಮ್ಮ ಕಟ್ಟಡದಲ್ಲಿರುವ ಕುಂದಾಪುರದ ಅಕ್ಕ ಒಬ್ಬರು ಅಂಥದೇ ಒಂದು ಫೋನು ತಂದರು. "ಬೋರ್ಡೇ ಬದಲಾಯಿಸಬೇಕಂತೆ ಮಾರಾಯ್ರೇ, ಹೊಸ ಫೋನಿನ ಅರ್ಧಕ್ಕಿಂತ ಜಾಸ್ತಿ ಆಗ್ತದೆ. ಭಂಗಾರ್‌ನವನಿಗೆ ಕೊಡುವುದೇ ಒಳ್ಳೆಯದಲ್ವಾ?" ಎಂದರು. ಗುಜರಿಗೆ ಕೊಡುವ ಮುಂಚೆ ಒಮ್ಮೆ ಅಳೆದು ನೋಡುತ್ತೇನೆ ಎಂದು ಇಟ್ಟುಕೊಂಡೆ.

ಹಿಂಬದಿಯ ಗಾಜನ್ನು ಬಿಸಿ ಮಾಡಿ, ಅಂಟು ಸಡಿಲವಾದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಡಿಸಿ, ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಿದೆ. ಬೋರ್ಡನ್ನು ಹೊರತೆಗೆದು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಮೆತ್ತನೆಯ ಬ್ರಶ್ಶಿನಿಂದ ತೊಳೆದು ಒಣಗಿಸಿದೆ. ಬಳಿಕ ಬ್ಯಾಟರಿಯ ಜಾಗದಲ್ಲಿ ಡಿಸಿ ಪವರ್ ಸಪ್ಲೈ ಜೋಡಿಸಿ 4 ವೋಲ್ಟ್ ಕೊಟ್ಟೆ. ಪವರ್ ಬಟನ್ ಒತ್ತುವ ಮೊದಲು ಒಳ್ಳೆಯ ಬೋರ್ಡು ಹೆಚ್ಚುಕಡಿಮೆ ಏನೂ ಕರೆಂಟ್ ಎಳೆಯುವುದಿಲ್ಲ. ಇಲ್ಲಿ ಬಟನ್ ಮುಟ್ಟುವ ಮೊದಲೇ ಕರೆಂಟ್ ನಾನು ಇಟ್ಟಿದ್ದ ಮಿತಿಗೆ ಏರಿತು. ಅಂದರೆ ಶಾರ್ಟ್ ಇರುವುದು ಬ್ಯಾಟರಿಯಿಂದ ನೇರವಾಗಿ ಬರುವ ಲೈನಿನಲ್ಲಿ. ಬಟನ್ ಒತ್ತಿದ ಮೇಲಷ್ಟೇ ಕರೆಂಟ್ ಏರಿದ್ದರೆ ವಿದ್ಯುತ್ ಹಂಚುವ ಚಿಪ್ಪಾದ ಪವರ್ ಐಸಿಯಿಂದ ಮುಂದಿನ ಲೈನುಗಳನ್ನು ಹುಡುಕಬೇಕಾಗುತ್ತಿತ್ತು.

ಶಾರ್ಟ್ ಆದ ಬಿಡಿಭಾಗ ಬಿಸಿಯಾಗುತ್ತದೆ ಎಂಬುದೇ ಅದನ್ನು ಹಿಡಿಯುವ ದಾರಿ. ಸೋಲ್ಡರಿಂಗ್ ಐರನ್ನಿನ ಬಿಸಿ ತುದಿಗೆ ರೋಸಿನ್ ಎಂಬ ರಾಳ ತಾಗಿಸಿ, ಏಳುವ ಹೊಗೆಗೆ ಬೋರ್ಡನ್ನು ಹಿಡಿದರೆ ಅದರ ಮೇಲೆ ಬಿಳಿ ಪದರ ಕೂರುತ್ತದೆ. ಆಮೇಲೆ ಸುಮಾರು 1 ವೋಲ್ಟ್ ಮಾತ್ರ ಕೊಟ್ಟು ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದಂತೆ, ಚಾರ್ಜಿಂಗ್ ಐಸಿಯ ಪಕ್ಕದಲ್ಲಿದ್ದ, ಸಾಸಿವೆ ಕಾಳಿಗಿಂತ ಸಣ್ಣದಾದ ಕೆಪಾಸಿಟರ್ ಒಂದರ ಮೇಲೆ ಪದರ ಕರಗಿ ಪಾರದರ್ಶಕವಾಯಿತು. ಬಿಸಿಗಾಳಿಯಿಂದ ಅದನ್ನು ತೆಗೆದ ಕೂಡಲೇ ಆ ಲೈನಿನಲ್ಲಿ ಶಾರ್ಟ್ ಇದೆಯೆಂದು ತೋರಿಸುತ್ತಿದ್ದ ಮಲ್ಟಿಮೀಟರಿನ ಬೀಪ್ ನಿಂತಿತು. ಅಂಥ ಫಿಲ್ಟರ್ ಕೆಪಾಸಿಟರುಗಳು ಒಂದೇ ಲೈನಿನಲ್ಲಿ ಹಲವು ಇರುವುದರಿಂದ ಒಂದಿಲ್ಲದಿದ್ದರೂ ಸಾಮಾನ್ಯವಾಗಿ ಫೋನು ನಡೆಯುತ್ತದೆ. ಆದರೂ ಬೇರೊಂದು ಹಳೆಯ ಬೋರ್ಡಿನಿಂದ ಅದೇ ಜಾಗದ ಕೆಪಾಸಿಟರ್ ತೆಗೆದು ಹಾಕಿದೆ. ಈಗ ಬಟನ್ ಒತ್ತಿದಾಗ ಕರೆಂಟ್ ಏರಿಳಿಯತೊಡಗಿತು. ಫೋನು ಬೂಟ್ ಆಗುತ್ತಿದೆ ಎನ್ನಲು ಅದೇ ಗುರುತು. ಸಣ್ಣದೊಂದು ಅಂಕಿಯಲ್ಲೇ ನಿಂತುಬಿಟ್ಟಿದ್ದರೆ ದೋಷ ಪ್ರೊಸೆಸರ್ ಅಥವಾ ಮೆಮರಿಯ ಕಡೆಗಿರಬಹುದೆಂದು ಶಂಕಿಸುತ್ತಿದ್ದೆ, ಅಲ್ಲಿ ನನ್ನಂಥ ಅಂಗಡಿಯ ಉಪಕರಣ ಸಾಲದು.

ಬೀಪ್ ಬಂದ ಕಡೆಯೆಲ್ಲ ಶಾರ್ಟ್ ಇದೆ ಎಂದು ಹೊಸ ಹುಡುಗರು ತಿಳಿಯುತ್ತಾರೆ. ಪ್ರೊಸೆಸರಿನ ಕೋರ್ ಲೈನುಗಳ ರೆಸಿಸ್ಟೆನ್ಸ್ ಸಹಜವಾಗಿಯೇ ತೀರ ಕಡಿಮೆ, ಸರಿಯಿರುವ ಬೋರ್ಡಿನಲ್ಲೂ ಅಲ್ಲಿ ಬೀಪ್ ಬರಬಹುದು. ಯಾವ ಲೈನು ಎಲ್ಲಿಗೆ ಹೋಗುತ್ತದೆಂಬುದು ತಯಾರಕರ ಸ್ಕೀಮ್ಯಾಟಿಕ್ ಎಂಬ ಸರ್ಕ್ಯೂಟ್ ನಕ್ಷೆ ನೋಡಿದರೆ ಸುಲಭವಾಗಿ ತಿಳಿಯುತ್ತದೆ. ಅದು ಸಿಗದಿರುವುದರಿಂದ ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಿಂದ ತಂದ ಅದೇ ಮಾಡೆಲಿನ ಇನ್ನೊಂದು ಬೋರ್ಡಿನೊಂದಿಗೆ ಒಂದೊಂದೇ ಬಿಂದುವನ್ನು ಹೋಲಿಸುತ್ತ ಕೂರಬೇಕು. ರಿಪೇರಿಯ ಹಕ್ಕು ಎಂದು ನಾನು ಕೇಳುವುದು ಈ ನಕ್ಷೆಯನ್ನು ಮತ್ತು ನ್ಯಾಯವಾದ ಬೆಲೆಯ ಅಸಲಿ ಬಿಡಿಭಾಗವನ್ನು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಆರಂಭಿಸಿದ ರೈಟ್ ಟು ರಿಪೇರ್ ಪೋರ್ಟಲ್ ಕಂಪನಿಗಳ ಸರ್ವಿಸ್ ಮಾಹಿತಿಯನ್ನು ಒಂದೆಡೆ ತರುತ್ತದೆ, ಆದರೆ ಬೋರ್ಡಿನ ಮಟ್ಟದ ಕೆಲಸಕ್ಕೆ ಅಷ್ಟು ಸಾಕಾಗುವುದಿಲ್ಲ.

2022ರ ಇ-ತ್ಯಾಜ್ಯ ನಿಯಮಗಳು ಹಳೆಯ ಸಾಧನವನ್ನು ಸರಿಪಡಿಸಿ ಮತ್ತೆ ಬಳಕೆಗೆ ತರುವ ರೀಫರ್ಬಿಷಿಂಗ್‌ಗೆ ಒಂದು ಪ್ರೋತ್ಸಾಹ ಇಟ್ಟಿವೆ. ನೋಂದಾಯಿತ ರೀಫರ್ಬಿಷರ್ ಕೊಟ್ಟ ಪ್ರಮಾಣಪತ್ರದಷ್ಟು ತೂಕಕ್ಕೆ ತಯಾರಕರ ಮೇಲಿರುವ ಮರುಬಳಕೆ ಹೊಣೆ ಮುಂದಕ್ಕೆ ಹೋಗುತ್ತದೆ, ಅವಧಿ ಮುಗಿದ ಮೇಲೆ ಅದರ ಶೇ. 75ರಷ್ಟು ಮಾತ್ರ ಮತ್ತೆ ಅವರ ಲೆಕ್ಕಕ್ಕೆ ಸೇರುತ್ತದೆ. ಹಾಗಿದ್ದ ಮೇಲೆ ಸ್ಕೀಮ್ಯಾಟಿಕ್ ಕೊಡುವುದು ಅವರಿಗೂ ಲಾಭವೇ ಎಂಬುದು ನನ್ನ ದೃಢ ಅಭಿಪ್ರಾಯ.

ಅಕ್ಕ ಆ ಫೋನನ್ನು ಊರಿನಲ್ಲಿರುವ ತಮ್ಮನಿಗೆ ಕೊಡಬೇಕೆಂದಿದ್ದರು. ಅದಕ್ಕಾಗಿ ರೀಸೆಟ್ ಮಾಡುವ ಮೊದಲು ಗೂಗಲ್ ಅಕೌಂಟನ್ನು ಅವರಿಂದಲೇ ತೆಗೆಸಿದೆ. ಲಾಕ್ ಪರದೆಯನ್ನು ದಾಟದೆ ರಿಕವರಿಯಿಂದ ರೀಸೆಟ್ ಮಾಡಿದರೆ ಫೋನು ಹಳೆಯ ಪಾಸ್‌ವರ್ಡ್ ಕೇಳುತ್ತದೆ, ಮಾಲೀಕರು ಸಿಗದಿದ್ದರೆ ಒಳ್ಳೆಯ ಫೋನೂ ಬಿಡಿಭಾಗಗಳ ರಾಶಿಗೆ ಹೋಗುತ್ತದೆ. ಒಮ್ಮೆ ಬಿಚ್ಚಿದ ಫೋನಿನ ನೀರು ತಡೆಯುವ ಅಂಟನ್ನು ಮೊದಲಿನಂತೆ ನಂಬಲಾಗದೆಂದು ಬಿಲ್ಲಿನಲ್ಲೇ ಬರೆದುಕೊಟ್ಟೆ. ಉಳಿಸಲಾಗದ ಫೋನುಗಳಿಂದ ಡಿಸ್‌ಪ್ಲೇ, ಕ್ಯಾಮೆರಾ, ಸ್ಪೀಕರ್ ತೆಗೆದಿಟ್ಟುಕೊಂಡು, ಬರಿದಾದ ಬೋರ್ಡು ಮತ್ತು ಟರ್ಮಿನಲ್ಲಿಗೆ ಟೇಪ್ ಸುತ್ತಿದ ಹಳೆಯ ಬ್ಯಾಟರಿಯನ್ನು ಮಾತ್ರ ಅಧಿಕೃತ ಮರುಬಳಕೆದಾರರಿಗೆ ಕೊಡುತ್ತೇನೆ.