ಅಮ್ಮನಿಗೆ ಇಂಗ್ಲಿಷ್: ದಿನಕ್ಕೆ 15 ನಿಮಿಷ, ವಾರಕ್ಕೆ ಎರಡೇ ವಾಕ್ಯ

ಕೋಲಾರದ ಟಮಕದಲ್ಲಿ ನಮ್ಮ ಮನೆ. ಮೆಡಿಕಲ್ ಕಾಲೇಜು ಹತ್ತಿರ ಇರುವುದರಿಂದ ಮಹಡಿಯ ಎರಡು ರೂಮಿಗೆ ಬಾಡಿಗೆಗೆ ಬರುವವರು ಹೆಚ್ಚಾಗಿ ಹೊರರಾಜ್ಯದ ವಿದ್ಯಾರ್ಥಿನಿಯರು. ಅಮ್ಮನಿಗೆ 67 ವರ್ಷ. ಏಳನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ್ದಾರೆ. ಈ ಕಡೆಯ ಬಹಳಷ್ಟು ಜನರ ಹಾಗೆ ತೆಲುಗನ್ನೂ ಸರಾಗವಾಗಿ ಮಾತಾಡುತ್ತಾರೆ. ಆದರೆ ಮೇಲಿನ ಹುಡುಗಿ ಇಳಿದು ಬಂದು ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಸಾಕು, ಅಮ್ಮ ನನ್ನ ಆಫೀಸಿಗೆ ಫೋನ್ ಮಾಡುತ್ತಿದ್ದರು. "ಅದೇನೋ ಕೇಳ್ತವ್ಳೆ, ನೀನೇ ಮಾತಾಡಮ್ಮ." ಒಂದು ದಿನ ಮೀಟಿಂಗಿನಲ್ಲಿದ್ದೆ, ಫೋನ್ ಎತ್ತಲಿಲ್ಲ. ಟ್ಯಾಂಕಿನಲ್ಲಿ ನೀರಿಲ್ಲ ಅಂತ ಹೇಳಲು ಬಂದ ಹುಡುಗಿ ವಾಪಸ್ ಹೋಗಿ ಸ್ನಾನವಿಲ್ಲದೆ ಕಾಲೇಜಿಗೆ ಹೋದಳು. ಆ ರಾತ್ರಿ ಅಮ್ಮನೇ ಕೇಳಿದರು, "ನಂಗೂ ಒಂದಿಷ್ಟು ಹೇಳ್ಕೊಡು."

ನಾನು ಮಾಡಿದ ಮೊದಲ ತಪ್ಪು, ಮಾರನೇ ದಿನವೇ ಒಂದನೇ ಕ್ಲಾಸಿನ ಎಬಿಸಿಡಿ ಪುಸ್ತಕ ತಂದದ್ದು. ಮೂರು ದಿನ ಎ ಫಾರ್ ಆಪಲ್ ಓದಿಸಿದೆ. ನಾಲ್ಕನೇ ದಿನ ಅಮ್ಮ ಪುಸ್ತಕವನ್ನು ದೇವರ ಗೂಡಿನ ಪಕ್ಕ ಎತ್ತಿಟ್ಟರು. ಅದರಲ್ಲಿದ್ದ ಒಂದು ಪದವೂ ಮೇಲಿನ ಹುಡುಗಿಗೆ ಹೇಳಬೇಕಾದ ಮಾತಾಗಿರಲಿಲ್ಲ. ಅಮ್ಮ ತೆಲುಗು ಕಲಿತದ್ದು ಪುಸ್ತಕದಿಂದಲ್ಲ, ಸಂತೆಯಲ್ಲಿ ಕೇಳಿ ಕೇಳಿ, ಆಡಿ ಆಡಿ. ಇಂಗ್ಲಿಷಿಗೂ ಅದೇ ದಾರಿ ಹಿಡಿದೆವು.

ಮೊದಲು ಸಂದರ್ಭಗಳ ಪಟ್ಟಿ

ಒಂದು ವಾರ ಏನೂ ಕಲಿಸಬೇಡಿ. ಅವರಿಗೆ ಇಂಗ್ಲಿಷ್ ಎಲ್ಲೆಲ್ಲಿ ಅಡ್ಡ ಬರುತ್ತದೆ ಅಂತ ಮಾತ್ರ ಬರೆದಿಡಿ. ನಮ್ಮ ಪಟ್ಟಿಯಲ್ಲಿ ಆರೇ ಆರು ಬಂದವು. ನೀರು, ಕರೆಂಟ್ ಬಿಲ್ಲು, ಬಾಡಿಗೆ ತಾರೀಖು, ಗೇಟಿನ ಬೀಗ, ಕೊರಿಯರ್ ಹುಡುಗ, ಮತ್ತೆ ಗೊತ್ತಿಲ್ಲದ ನಂಬರಿನಿಂದ ಬರುವ ಫೋನು. ಒಂದೊಂದಕ್ಕೆ ಎರಡು ವಾಕ್ಯ, ಫೋನಿಗೆ ಮಾತ್ರ ಒಂದು, ಒಟ್ಟು ಹನ್ನೊಂದು. ವಾರಕ್ಕೆ ಎರಡರಂತೆ ಆರು ವಾರದ ಪಾಠ ಅಷ್ಟೇ. ನಿಮ್ಮ ಅಪ್ಪನ ಪಟ್ಟಿ ಬೇರೆಯೇ ಇರುತ್ತದೆ. ಬ್ಯಾಂಕೋ, ಮೊಮ್ಮಕ್ಕಳ ಜೊತೆಗಿನ ಮಾತೋ ಇರಬಹುದು. ನಮ್ಮದನ್ನು ನಕಲು ಮಾಡಬೇಡಿ.

ಆಮೇಲೆ ಅವರಿಗೆ ಈಗಾಗಲೇ ಬರುವ ಇಂಗ್ಲಿಷ್ ಪದಗಳನ್ನು ಅವರ ಬಾಯಿಂದಲೇ ಹೇಳಿಸಿ. ಮೋಟಾರು, ಟ್ಯಾಂಕು, ರೂಮು, ಗೇಟು, ಕೀ, ಅಡ್ವಾನ್ಸು, ಬಿಲ್ಲು, ಸ್ವಿಚ್ಚು, ಟೈಮು. ಕಾಫಿ ಮುಗಿಯುವಷ್ಟರಲ್ಲಿ ಅಮ್ಮ ಅರವತ್ತಕ್ಕೂ ಜಾಸ್ತಿ ಹೇಳಿದರು. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುವುದರಿಂದ ನಾವು ಈ ಪದಗಳಿಗೂ ಕೊನೆಯಲ್ಲಿ ಒಂದು 'ಉ' ಸೇರಿಸುತ್ತೇವೆ. ಅದನ್ನು ತಿದ್ದಲು ಹೋಗಬೇಡಿ. ಗೇಟು ಅಂದರೂ ಎದುರಿನವರಿಗೆ ಅರ್ಥ ಆಗುತ್ತದೆ, ಅಲ್ವಾ? ಪದ ಆಗಲೇ ಇದೆ. ಅವುಗಳನ್ನು ಕಟ್ಟುವ ದಾರ ಮಾತ್ರ ಇಲ್ಲ.

ಎಲ್ಲಕ್ಕಿಂತ ಮುಂಚೆ ಕಲಿಸಬೇಕಾದ ವಾಕ್ಯ

"ಪ್ಲೀಸ್ ಸೇ ಇಟ್ ಅಗೇನ್, ಸ್ಲೋಲಿ." ಇನ್ನೊಂದು ಸಲ ನಿಧಾನವಾಗಿ ಹೇಳಿ ಅಂತ. ಹನ್ನೊಂದರ ಲೆಕ್ಕಕ್ಕೆ ಇದನ್ನು ಸೇರಿಸಬೇಡಿ. ಇದು ಬಂದರೆ ಅವರು ಅರ್ಥವಾಗದ ಮಾತಿಗೆ ತಲೆಯಾಡಿಸಿ ಒಳಗೆ ಹೋಗುವುದಿಲ್ಲ, ಅಲ್ಲೇ ನಿಲ್ಲುತ್ತಾರೆ.

ಇಲ್ಲಿ ಅಮ್ಮ ಒಂದು ಪ್ರಶ್ನೆ ಕೇಳಿದರು. "ಕಮ್ ಅಂದ್ರೆ ಬಾ ಅಂತಾನೋ, ಬನ್ನಿ ಅಂತಾನೋ?" ಡಾಕ್ಟರ್ ಓದುವ ಮಕ್ಕಳನ್ನು ಏಕವಚನದಲ್ಲಿ ಕರೆದುಬಿಟ್ಟರೆ ಅನ್ನುವ ಅಳುಕು ಅವರಿಗೆ. ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ 'ಯೂ' ಒಂದೇ, ಮರ್ಯಾದೆ ಇರುವುದು ಪ್ಲೀಸ್‌ನಲ್ಲಿ ಅಂದೆ. ಬಾ ಅನ್ನುವುದನ್ನು ಬನ್ನಿ ಮಾಡುವ ಕೆಲಸವನ್ನು ಪ್ಲೀಸ್ ಮಾಡುತ್ತದೆ. ಅವತ್ತಿನಿಂದ ಅಮ್ಮ ಪ್ಲೀಸ್ ಇಲ್ಲದೆ ಮಾತು ಶುರು ಮಾಡಿಲ್ಲ. ಇಂಥ ಅಳುಕು ಎಷ್ಟೋ ಹಿರಿಯರ ಬಾಯಿ ಕಟ್ಟಿರುತ್ತದೆ ಅಂತ ನನಗೆ ಅನ್ನಿಸುತ್ತದೆ. ಕೇಳಿ ತಿಳಿದುಕೊಳ್ಳಿ.

ಎರಡು ವಾಕ್ಯ, ಒಂದು ವಾರ

ನೀರಿನ ವಾಕ್ಯವನ್ನೇ ತೆಗೆದುಕೊಳ್ಳೋಣ. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು, ಹಾಗಾಗಿ ನಮ್ಮ ಮನೆಯಲ್ಲಿ ದಿನಾ ಬೀಳುವ ಮಾತು ಇದು. ಅಮ್ಮ ಹೇಳುತ್ತಿದ್ದದ್ದು "ವಾಟರ್ ನೋ". ಕನ್ನಡದಲ್ಲಿ 'ನೀರು ಇಲ್ಲ' ಅನ್ನುವಾಗ ಇಲ್ಲ ಕೊನೆಗೆ ಬರುತ್ತದೆ. ಹಾಗಾಗಿ ಅವರ ತಪ್ಪಿಗೆ ಕಾರಣ ಇದೆ. 'ಇಂಗ್ಲಿಷಿನಲ್ಲಿ ಇಲ್ಲ ಅನ್ನೋದು ಮುಂದೆ ಬರುತ್ತೆ, ನೀರು ಹಿಂದೆ' ಅಂತ ಒಂದೇ ಒಂದು ಸಲ ಹೇಳಿದೆ. ವ್ಯಾಕರಣ ಅಲ್ಲಿಗೆ ಮುಗಿಯಿತು.

ಸೋಮವಾರ ಬೆಳಗ್ಗೆ, ಕಾಫಿ ಆದಮೇಲೆ, ನಾನು ಐದು ಸಲ ಹೇಳಿದೆ: "ದೇರ್ ಈಸ್ ನೋ ವಾಟರ್." ಅಮ್ಮ ಸುಮ್ನೆ ಕೇಳಿಸಿಕೊಂಡರು. ಆಮೇಲೆ ಇಬ್ಬರೂ ಸೇರಿ ಹೇಳಿದೆವು. ಕೊನೆಗೆ ಅವರೊಬ್ಬರೇ. ಇದಕ್ಕೆ ಹತ್ತು ನಿಮಿಷ ಸಾಕು. ರಾತ್ರಿ ಊಟದ ನಂತರ ಐದು ನಿಮಿಷ ಕೂತು, 'ನೀರಿಲ್ಲ ಅಂತ ಹೇಗೆ ಹೇಳ್ತೀಯಮ್ಮ?' ಅಂತ ಕೇಳಿದೆ. ನಾವೇ ಮತ್ತೆ ಹೇಳಿಕೊಡುವುದಕ್ಕಿಂತ ಅವರಿಂದ ಹೊರಡಿಸುವುದು ಮುಖ್ಯ. ನೆನಪು ಗಟ್ಟಿಯಾಗುವುದು ಹುಡುಕಿ ತೆಗೆದಾಗ.

ಇಲ್ಲಿ ತಾಳ್ಮೆಗೆ ಒಂದು ಅಳತೆ ಇದೆ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ವಯಸ್ಸಾದ ಮೇಲೆ ಗೊತ್ತಿರುವ ಪದವೂ ನಾಲಿಗೆಗೆ ಬರಲು ಹೊತ್ತು ಹಿಡಿಯುತ್ತದೆ. ನಾನು ಎರಡು ಎಣಿಸುವಷ್ಟರಲ್ಲಿ ಉತ್ತರ ಹೇಳಿಬಿಡುತ್ತಿದ್ದೆ. ಹತ್ತರವರೆಗೆ ಕಾದಾಗ ಹೆಚ್ಚಿನ ಸಲ ಏಳು, ಎಂಟಕ್ಕೆ ಅಮ್ಮನ ಬಾಯಿಂದಲೇ ಬಂತು. ಹತ್ತಾದರೂ ಬರದಿದ್ದರೆ ಮೊದಲ ಪದ ಮಾತ್ರ ಎತ್ತಿಕೊಡಿ: "ದೇರ್..."

ಮಂಗಳವಾರ ಅದೇ ಅಚ್ಚಿನಲ್ಲಿ ಬೇರೆ ಪದ ಹಾಕಿದೆವು. ದೇರ್ ಈಸ್ ನೋ ಕರೆಂಟ್. ದೇರ್ ಈಸ್ ನೋ ಕೀ. ಬುಧವಾರ ಹೊಸದೇನೂ ಹೇಳಲಿಲ್ಲ. ಗುರುವಾರ ಎರಡನೇ ವಾಕ್ಯ ಬಂತು: "ಐ ವಿಲ್ ಸ್ವಿಚ್ ಆನ್ ದ ಮೋಟರ್." ಶುಕ್ರವಾರ ಎರಡನ್ನೂ ಸೇರಿಸಿದೆವು. ಶನಿವಾರ ನಾಟಕ. ನಾನು ಮೆಟ್ಟಿಲ ಮೇಲಿಂದ ಬಕೆಟ್ ಹಿಡಿದು ಇಳಿದು ಬಂದೆ, "ಆಂಟಿ, ನೋ ವಾಟರ್" ಅಂದೆ. ಅಮ್ಮ ಸೆರಗು ಸರಿಮಾಡಿಕೊಂಡು ಗೋಡೆಯ ಸ್ವಿಚ್ಚಿನ ಹತ್ತಿರ ಹೋದರು, ಅದರ ಮೇಲೆ ಕೈ ಇಟ್ಟುಕೊಂಡೇ ಇಡೀ ವಾಕ್ಯ ಹೇಳಿದರು. ಕೂತು ಹೇಳುವಾಗ ತಪ್ಪುತ್ತಿದ್ದ 'ಆನ್' ಆಗ ತಪ್ಪಲಿಲ್ಲ. ಅಂದಿನಿಂದ ಯಾವ ವಾಕ್ಯವನ್ನೂ ಆ ಕೆಲಸ ನಡೆಯುವ ಜಾಗದಲ್ಲೇ ನಿಂತು ಹೇಳಿಸುತ್ತೇನೆ. ಗೇಟಿನ ಮಾತು ಗೇಟಿನ ಹತ್ತಿರ, ಕೀ ಮಾತು ಮೊಳೆಗೆ ನೇತುಹಾಕಿದ ಬೀಗದ ಕೈ ಹತ್ತಿರ.

ಕಲಿತ ವಾಕ್ಯವನ್ನು ಮಾರನೇ ದಿನ, ಮೂರನೇ ದಿನ, ಏಳನೇ ದಿನ, ಹದಿನೈದನೇ ದಿನ ಮತ್ತೆ ಕೇಳಿ. ನಾವು ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಕೆಳಗೆ 'ನೀರು', 'ಬಾಡಿಗೆ' ಅಂತ ಪೆನ್ಸಿಲ್ಲಿನಲ್ಲಿ ಬರೆದಿದ್ದೇವೆ. ಹದಿನೈದನೇ ದಿನ ಬರದಿದ್ದರೆ ಮೊದಲಿನಿಂದ ಶುರು ಮಾಡಬೇಕು. ಆ ವಾರ ಹೊಸ ವಾಕ್ಯ ಬೇಡ.

ತಿದ್ದುವುದು ಹೇಗೆ

ಎರಡನೇ ವಾರ ನಾನು ಬಾಡಿಗೆ ಹುಡುಗಿಯ ಎದುರಿಗೇ ಅಮ್ಮನ ಮಾತು ತಿದ್ದಿದೆ. ಅವಳು ಒಳ್ಳೆಯವಳು, ನಗಲಿಲ್ಲ. ಆದರೂ ಅಮ್ಮ ನಾಲ್ಕು ದಿನ ಪಾಠಕ್ಕೆ ಕೂರಲಿಲ್ಲ. ಸೊಪ್ಪು ಬಿಡಿಸಬೇಕು, ಕಾಲು ನೋವು ಅಂತ ಏನಾದರೂ ಹೇಳುತ್ತಿದ್ದರು. ನೆಪಗಳು ಶುರುವಾದರೆ ನಾವೆಲ್ಲೋ ನೋಯಿಸಿದ್ದೇವೆ ಅಂತಲೇ ತಿಳಿಯಿರಿ. ಈಗ ನಾನು ತಪ್ಪು ಅನ್ನುವುದಿಲ್ಲ. ಅಮ್ಮ "ಟುಮಾರೋ ರೆಂಟ್ ಕಮ್" ಅಂದರೆ, "ಓ, ದ ರೆಂಟ್ ವಿಲ್ ಕಮ್ ಟುಮಾರೋ?" ಅಂತ ಸರಿಯಾದದ್ದನ್ನೇ ಪ್ರಶ್ನೆಯಾಗಿ ಕೇಳುತ್ತೇನೆ. ಅರ್ಥ ಕೆಡದ ತಪ್ಪನ್ನು ಬಿಟ್ಟುಬಿಡುತ್ತೇನೆ. 'ದ' ಬಿಟ್ಟುಹೋದರೆ ಯಾವ ಕೆಲಸವೂ ನಿಲ್ಲುವುದಿಲ್ಲ.

ಕಿವಿಯ ಕಡೆ ಗಮನ

ಕರೆಂಟ್ ಬಿಲ್ಲಿನಲ್ಲಿ ಅವಳ ಪಾಲು ಎಷ್ಟು ಅಂತ ಕೇಳಿದಾಗ ಹುಡುಗಿ ಹೇಳಿದ್ದು "ತ್ರೀ ಫಿಫ್ಟೀನ್". ಅಮ್ಮನಿಗೆ ಕೇಳಿಸಿದ್ದು "ತ್ರೀ ಫಿಫ್ಟಿ". ಇಬ್ಬರ ಲೆಕ್ಕದಲ್ಲಿ 35 ರೂಪಾಯಿ ವ್ಯತ್ಯಾಸ, ಒಂದು ದಿನ ಇರಿಸುಮುರಿಸು. ಇದು ಬುದ್ಧಿಯ ತೊಂದರೆ ಅಲ್ಲ. ವಯಸ್ಸಾದಂತೆ ಕಿವಿಗೆ ಮೊದಲು ಕಡಿಮೆಯಾಗುವುದು ತೆಳ್ಳಗಿನ, ಎತ್ತರದ ಶಬ್ದಗಳು. ಸ, ಫ, ತ ಇವೆಲ್ಲ ಮಸುಕಾಗುತ್ತವೆ. ಕನ್ನಡದಲ್ಲಿ ಮಿಕ್ಕ ಮಾತಿನಿಂದ ಊಹಿಸಿಕೊಳ್ಳುತ್ತಾರೆ, ಹೊಸ ಭಾಷೆಯಲ್ಲಿ ಆ ಊಹೆಗೆ ಆಧಾರ ಇರುವುದಿಲ್ಲ.

ಹಾಗಾಗಿ ಟೀವಿ ಆರಿಸಿ, ಎದುರಿಗೆ ಕೂತು, ನಿಮ್ಮ ಮುಖಕ್ಕೆ ಬೆಳಕು ಬೀಳುವ ಹಾಗೆ ಮಾತಾಡಿ. ತುಟಿ ನೋಡಿದರೆ ಅರ್ಧ ತಿಳಿಯುತ್ತದೆ. ಕಿರುಚಬೇಡಿ, ಅದರಿಂದ ಶಬ್ದ ಇನ್ನೂ ಕೆಡುತ್ತದೆ. ನಿಧಾನ ಮಾಡಿದರೆ ಸಾಕು. ಅಂಕಿಗಳಿಗೆ ಅಮ್ಮ ಈಗ ಬಿಡಿಬಿಡಿಯಾಗಿ ಕೇಳುತ್ತಾರೆ: "ಒನ್ ಫೈವ್? ಫೈವ್ ಝೀರೋ?" ಇದೊಂದು ಕಲಿಸಿದರೆ ಹಣದ ಗೊಂದಲ ಬಹಳ ಕಡಿಮೆಯಾಗುತ್ತದೆ. ಕನ್ನಡವನ್ನೂ ಪದೇ ಪದೇ "ಆಂ?" ಅಂತ ಕೇಳುತ್ತಿದ್ದರೆ ಮೊದಲು ಕಿವಿ ಡಾಕ್ಟರಿಗೆ ತೋರಿಸಿ, ಪಾಠ ಆಮೇಲೆ.

ಕಲಿತ ಇಂಗ್ಲಿಷ್ ವಾಕ್ಯ ಎರಡು ದಿನಕ್ಕೆ ಮರೆತರೆ ಚಿಂತೆ ಇಲ್ಲ, ಯಾರಿಗಾದರೂ ಮರೆಯುತ್ತದೆ. ಆದರೆ ದಿನಾ ಮಾಡುವ ಸಾರಿನ ಕ್ರಮ ತಪ್ಪುತ್ತಿದ್ದರೆ, ಗೊತ್ತಿರುವ ಅಂಗಡಿಗೆ ದಾರಿ ಮರೆಯುತ್ತಿದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು.

ಬರಹ, ಫೋನು

ಮೊದಲ ಆರು ವಾರ ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಬರೆದುಕೊಡಿ. ಪುಟಕ್ಕೆ ಒಂದೇ ವಾಕ್ಯ, ದಪ್ಪ ಸ್ಕೆಚ್ ಪೆನ್ನು. ಇಂಗ್ಲಿಷ್ ಅಕ್ಷರ ಆಮೇಲೆ, ಅದೂ ದೊಡ್ಡಕ್ಷರ ಮಾತ್ರ. ಅಮ್ಮ ಈಗ ಬಾಡಿಗೆಯವರ ಹೆಸರಿನ ಮೊದಲ ಅಕ್ಷರ ನೋಡಿ ಕೊರಿಯರ್ ಪಾರ್ಸೆಲ್ ಯಾರದು ಅಂತ ಹೇಳುತ್ತಾರೆ.

ಗೊತ್ತಿಲ್ಲದ ಫೋನಿಗೆ ಮಾತ್ರ ಸಂಭಾಷಣೆ ಕಲಿಸಬೇಡಿ. ಸ್ವಲ್ಪ ಇಂಗ್ಲಿಷ್ ಬಂತು ಅನ್ನುವ ಧೈರ್ಯದಲ್ಲಿ ಮಾತು ಮುಂದುವರಿಸಿ ಓಟಿಪಿ ಹೇಳಿಬಿಡುವ ಅಪಾಯ ಇದೆ. ನಮ್ಮದು ಒಂದೇ ವಾಕ್ಯ: "ಕಾಲ್ ಮೈ ಡಾಟರ್." ಹೇಳಿದ ತಕ್ಷಣ ಕಟ್. ಹಾಗೆಯೇ ಬಾಡಿಗೆ ಕರಾರು ಪತ್ರವನ್ನು ಈಗಲೂ ನಾನೇ ಓದಿ ಹೇಳುತ್ತೇನೆ. ಹನ್ನೊಂದು ವಾಕ್ಯದ ಇಂಗ್ಲಿಷ್ ಸಹಿ ಹಾಕುವ ಕೆಲಸಕ್ಕೆ ಸಾಲುವುದಿಲ್ಲ.

ಕಲಿಕೆ ಎಲ್ಲಿಗೆ ಬಂತು ಅಂತ ನೋಡಲು ನಾವು ಪರೀಕ್ಷೆ ಇಟ್ಟಿಲ್ಲ. ಬಾಡಿಗೆಯವರ ಮಾತಿಗಾಗಿ ಅಮ್ಮ ಆಫೀಸಿಗೆ ಎಷ್ಟು ಸಲ ಫೋನ್ ಮಾಡಿದರು ಅಂತ ಅದೇ ಕ್ಯಾಲೆಂಡರಿನಲ್ಲಿ ಗೆರೆ ಹಾಕುತ್ತೇನೆ. ಮೊದಲ ವಾರ ಒಂಬತ್ತು ಗೆರೆ. ಆರನೇ ವಾರ ಎರಡು, ಎರಡೂ ಕರೆಂಟ್ ಬಿಲ್ಲಿನದು. ಅದಕ್ಕೇ ಏಳನೇ ವಾರ ಹೊಸ ವಾಕ್ಯ ತೆಗೆದುಕೊಳ್ಳದೆ, ಬಿಲ್ಲು ಕೈಯಲ್ಲಿ ಹಿಡಿದು ಮೀಟರ್ ಬೋರ್ಡಿನ ಮುಂದೆ ಕೂತಿದ್ದೇವೆ.